ಶಿನ್ ಪೇನ್ ಆದ ಮೇಲೆ ಮತ್ತೆ ಓಡೋದು ಹೇಗೆ? ಬಳ್ಳಾರಿಯ ಗ್ರೌಂಡ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾನ್‌ಸ್ಟೆಬಲ್ ನೇಮಕಾತಿಯ ಸುದ್ದಿ ಬಂತೆಂದರೆ ಬಳ್ಳಾರಿಯ ಮೈದಾನಗಳು ಬೆಳಿಗ್ಗೆ ಐದಕ್ಕೇ ತುಂಬಿಬಿಡುತ್ತವೆ. ಸಿರುಗುಪ್ಪ, ಕುರುಗೋಡು, ಸಂಡೂರು ಕಡೆಯಿಂದಲೂ ಹುಡುಗರು ಬಂದು ರೂಮ್ ಮಾಡಿಕೊಂಡು ಪ್ರಾಕ್ಟೀಸ್ ಶುರು ಮಾಡುತ್ತಾರೆ. ಮೂರನೇ ವಾರ ಬರುವಷ್ಟರಲ್ಲಿ ಅವರಲ್ಲಿ ಕೆಲವರು ಮೊಣಕಾಲಿನ ಕೆಳಗಿನ ಎಲುಬಿನ ನೋವು, ಅಂದರೆ ಶಿನ್ ಪೇನ್ ಹಿಡಿದು, ಗ್ರೌಂಡಿನ ಅಂಚಿನಲ್ಲಿ ಕೂತು ಕಾಲು ತಿಕ್ಕಿಕೊಳ್ಳುತ್ತಿರುತ್ತಾರೆ. ಇಲ್ಲಿರುವ ಉತ್ತರಗಳು ಅವರಿಗಾಗಿ. ಗುರಿ ಒಂದೇ: ನೋವು ಮರುಕಳಿಸದ ಹಾಗೆ ನೇಮಕಾತಿ ಟೆಸ್ಟಿನ 1600 ಮೀಟರ್ ಓಟಕ್ಕೆ ವಾಪಸ್ ಬರುವುದು. ಗಂಡು ಮಕ್ಕಳಿಗೆ ಅದನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, ಹೆಣ್ಣು ಮಕ್ಕಳಿಗೆ 2 ನಿಮಿಷದಲ್ಲಿ 400 ಮೀಟರ್. ನಿಮ್ಮ ಅಧಿಸೂಚನೆಯಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಂಡೇ ಮುಂದೆ ಓದಿ.

ಸರ್, ನನಗಿರೋದು ಶಿನ್ ಪೇನ್ ಹೌದೋ ಅಲ್ವೋ, ಹೇಗೆ ಗೊತ್ತಾಗುತ್ತೆ?

ಕುರ್ಚಿ ಮೇಲೆ ಕೂತು ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಹಾಕಿಕೊಳ್ಳಿ. ಮೊಣಕಾಲಿನ ಕೆಳಗೆ ಕೈಗೆ ನೇರವಾಗಿ ಸಿಗುವ ಉದ್ದನೆಯ ಎಲುಬಿದೆ ನೋಡಿ, ಅದರ ಒಳಮಗ್ಗುಲಿನ ಅಂಚನ್ನು ಪಾದದ ಗಂಟಿನಿಂದ ಮೇಲಕ್ಕೆ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ನೋವು ಶುರುವಾದ ಕಡೆ ಬಾಲ್‌ಪೆನ್ನಿನಿಂದ ಒಂದು ಗೆರೆ, ನಿಂತ ಕಡೆ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ ನಿಮ್ಮ ಮೂರು ಬೆರಳು ಅಡ್ಡಕ್ಕೆ ಹಿಡಿಸುವಷ್ಟು, ಅಂದರೆ ಸುಮಾರು 5 ಸೆಂಟಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಜಾಗ ಇದ್ದರೆ ಅದು ಸಾಮಾನ್ಯವಾಗಿ ಶಿನ್ ಪೇನ್. ಓಟದ ಶುರುವಿನಲ್ಲಿ ನೋಯುತ್ತದೆ, ಮೈ ಬಿಸಿಯಾದ ಮೇಲೆ ಕಡಿಮೆ ಅನಿಸುತ್ತದೆ, ಮರುದಿನ ಬೆಳಿಗ್ಗೆ ಎದ್ದು ಕಾಲಿಟ್ಟಾಗ ಮತ್ತೆ ಹಿಡಿಯುತ್ತದೆ. ಅದರ ನಡವಳಿಕೆಯೇ ಹಾಗೆ.

ಬೆರಳ ತುದಿಯಷ್ಟು ಜಾಗದಲ್ಲಿ ಮಾತ್ರ ಚುಚ್ಚಿದ ಹಾಗೆ ನೋಯುತ್ತಿದ್ದರೆ ಅದು ಬೇರೆ ವಿಷಯ. ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದು. ರಾತ್ರಿ ಮಲಗಿದಾಗಲೂ ನೋವಿದ್ದರೆ, ಸುಮ್ನೆ ನಡೆದರೂ ನೋಯುತ್ತಿದ್ದರೆ, ಒಂದೇ ಕಾಲಲ್ಲಿ ಕುಪ್ಪಳಿಸಲು ಆಗುವುದೇ ಇಲ್ಲವೆಂದರೆ ಮುಂದೆ ಕೊಟ್ಟಿರುವ ಓಟದ ವಾರಪಟ್ಟಿ ನಿಮಗಲ್ಲ. ಮೊದಲು ಎಲುಬಿನ ಡಾಕ್ಟರ್ ಹತ್ತಿರ ಹೋಗಿ. ಎಲುಬಿನ ಒಳ ಅಂಚು ಬಿಟ್ಟು ಸರಿಯಾಗಿ ಮುಂಭಾಗದಲ್ಲೇ ಒಂದು ಚುಕ್ಕೆಯಲ್ಲಿ ನೋವಿದ್ದರಂತೂ ಒಂದು ದಿನವೂ ತಡ ಮಾಡಬೇಡಿ. ಅಲ್ಲಿನ ಬಿರುಕು ಕೂಡಿಕೊಳ್ಳುವುದು ಬಹಳ ನಿಧಾನ.

ಇನ್ನೊಂದು ಬಗೆ ಇದೆ. ಓಡಲು ಶುರು ಮಾಡಿ ಪ್ರತಿಸಲ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಕಾಲು ಬಿಗಿದು ಕಲ್ಲಾಗುತ್ತದೆ, ಪಾದ ಜೋಮು ಹಿಡಿಯುತ್ತದೆ, ನಿಂತ ಸ್ವಲ್ಪ ಹೊತ್ತಿಗೆ ಪೂರ್ತಿ ಸರಿಹೋಗುತ್ತದೆ. ಇದು ಸ್ನಾಯುಗಳ ಒಳಗಿನ ಒತ್ತಡದ ತೊಂದರೆ ಇರಬಹುದು, ಇದನ್ನೂ ಡಾಕ್ಟರಿಗೇ ತೋರಿಸಬೇಕು.

ಎಕ್ಸ್‌ರೇ ತೆಗೆಸಿದೆ, ನಾರ್ಮಲ್ ಬಂತು. ಇನ್ನು ಓಡಬಹುದಲ್ವಾ?

ಅಷ್ಟರಿಂದಲೇ ಹೇಳಲು ಬರುವುದಿಲ್ಲ. ಹೊಸ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣಿಸದೇ ಇರಬಹುದು. ಮೇಲೆ ಹೇಳಿದ ಲಕ್ಷಣಗಳು ಇದ್ದು ಎಕ್ಸ್‌ರೇ ಮಾತ್ರ ಚೆನ್ನಾಗಿದ್ದರೆ ಎಂಆರ್‌ಐ ಬೇಕೇ ಎಂದು ಡಾಕ್ಟರನ್ನೇ ಕೇಳಿ. ಲಕ್ಷಣಗಳೂ ಇಲ್ಲ, ನೋವು ಉದ್ದಕ್ಕೆ ಹರಡಿದೆ ಎಂದರೆ ಮುಂದಿನ ಪ್ರಶ್ನೆಗೆ ಬನ್ನಿ.

ನನಗ್ಯಾಕೆ ಬಂತು? ನನ್ನ ಜೊತೆ ಓಡೋರಿಗೆ ಏನೂ ಆಗಿಲ್ಲ.

ಜೊತೆಗಾರರು ಮೊದಲಿಂದಲೂ ಕಬಡ್ಡಿಯನ್ನೋ ವಾಲಿಬಾಲನ್ನೋ ಆಡುತ್ತಿದ್ದವರಿರಬಹುದು. ಅವರ ಎಲುಬಿಗೆ ಪೆಟ್ಟು ತಿಂದು ಅಭ್ಯಾಸವಿರುತ್ತದೆ. ನೀವು ವರ್ಷಗಟ್ಟಲೆ ಓಡದೇ ಇದ್ದು ಒಂದು ಸೋಮವಾರ ಎದ್ದು ಹತ್ತು ರೌಂಡ್ ಹೊಡೆದಿರಿ, ಅಷ್ಟೇ ವ್ಯತ್ಯಾಸ.

ಒಳಗೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಪಟ್ಟಿ ಯಾಕೆ ಹಾಗಿದೆ ಎಂದು ಅರ್ಥವಾಗುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಈ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಮೀನಖಂಡದ ಸ್ನಾಯುಗಳೂ ಅದನ್ನು ಎಳೆಯುತ್ತವೆ. ಹೊಸ ಭಾರ ಬಿತ್ತೆಂದು ಎಲುಬಿಗೆ ಗೊತ್ತಾದ ಕೂಡಲೇ ಅದು ತನ್ನನ್ನು ಗಟ್ಟಿ ಮಾಡಿಕೊಳ್ಳಲು ಹೊರಡುತ್ತದೆ. ಆದರೆ ಆ ಕೆಲಸ ನಮ್ಮೂರ ರಸ್ತೆ ರಿಪೇರಿ ಇದ್ದ ಹಾಗೆ: ಮೊದಲು ಅಗೆಯುವುದು, ಡಾಂಬರು ಆಮೇಲೆ. ಹಳೆಯ ಎಲುಬನ್ನು ಕರಗಿಸುವ ಜೀವಕೋಶಗಳು ಮೊದಲು ಕೆಲಸ ಮುಗಿಸುತ್ತವೆ, ಹೊಸದನ್ನು ಕಟ್ಟುವವು ನಿಧಾನಕ್ಕೆ ಬರುತ್ತವೆ. ಹಾಗಾಗಿ ಓಟ ಶುರು ಮಾಡಿದ ಮೂರು ನಾಲ್ಕನೇ ವಾರದ ಹೊತ್ತಿಗೆ ಎಲುಬು ಮೊದಲಿಗಿಂತಲೂ ಸ್ವಲ್ಪ ಬಡವಾಗಿರುತ್ತದೆ. ದಮ್ಮು ಮಾತ್ರ ಅಷ್ಟರಲ್ಲಿ ಸುಧಾರಿಸಿರುತ್ತದೆ. ಉಸಿರು ಓಡು ಅನ್ನುತ್ತದೆ, ಎಲುಬು ಬೇಡ ಅನ್ನುತ್ತದೆ. ಗ್ರೌಂಡಿನಲ್ಲಿ ಮೂರನೇ ವಾರಕ್ಕೇ ಹುಡುಗರು ಕೂರುವುದು ಬಹುಪಾಲು ಇದಕ್ಕೇ.

ಎಷ್ಟು ದಿನ ರೆಸ್ಟ್ ಮಾಡಬೇಕು?

ದಿನ ಎಣಿಸಬೇಡಿ, ಕಾಲನ್ನು ಕೇಳಿ. ಒಬ್ಬರಿಗೆ ಹತ್ತು ದಿನ ಸಾಕು, ಇನ್ನೊಬ್ಬರಿಗೆ ಆರು ವಾರ ಬೇಕಾಗುತ್ತದೆ. ಸುಮ್ನೆ ಒಂದು ತಿಂಗಳು ಮಲಗಿ ಎದ್ದು ಮತ್ತೆ ಹಳೇ ರೀತಿಯಲ್ಲೇ ಓಡಿದರೆ ನೋವು ಹದಿನೈದು ದಿನದಲ್ಲಿ ವಾಪಸ್ ಬರುತ್ತದೆ, ಯಾಕೆಂದರೆ ಮಲಗಿದ್ದಾಗ ಎಲುಬು ಗಟ್ಟಿಯಾಗುವುದಿಲ್ಲ.

ಓಟ ನಿಲ್ಲಿಸಿದ ಈ ದಿನಗಳಲ್ಲಿ ಸೈಕಲ್ ಹೊಡೆಯಿರಿ. ದಮ್ಮು ಉಳಿಸಿಕೊಳ್ಳಲು ಒಂದು ನಿಮಿಷ ಜೋರಾಗಿ, ಎರಡು ನಿಮಿಷ ಆರಾಮಾಗಿ, ಹೀಗೆ ಎಂಟು ಸಲ, ವಾರಕ್ಕೆ ಎರಡು ದಿನ. ಈಜು ಬರುವವರು ಈಜಬಹುದು. ಕಾಲುವೆಯಲ್ಲಿ ಮಾತ್ರ ಬೇಡ. ತುಂಗಭದ್ರೆಯ ನೀರು ಬಿಟ್ಟಾಗ ಸೆಳೆತ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು.

ಕೆಳಗಿನ ನಾಲ್ಕೂ ಆದಾಗ ಪಟ್ಟಿಯ ಮೊದಲ ವಾರಕ್ಕೆ ಬನ್ನಿ. ಅರ್ಧ ಗಂಟೆ ಬಿರುಸಾಗಿ ನಡೆದರೂ ಆಗಲೂ ಮರುದಿನವೂ ನೋವಿರಬಾರದು. ಎಲುಬಿನ ಅಂಚನ್ನು ಒತ್ತಿದರೆ ನೋವು ಹತ್ತರಲ್ಲಿ ಎರಡನ್ನು ದಾಟಬಾರದು. ಒಂದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೆ ಏನೂ ಆಗಬಾರದು. ಗೋಡೆಗೆ ಬೆರಳು ತಾಗಿಸಿ ನಿಂತು, ಒಂದೇ ಕಾಲಿನಲ್ಲಿ ಹಿಮ್ಮಡಿಯನ್ನು ಪೂರ್ತಿ ಮೇಲೆತ್ತಿ ಇಳಿಸುವುದು ಕನಿಷ್ಠ ಇಪ್ಪತ್ತು ಸಲ ಆಗಬೇಕು. ಬಹಳ ಜನ ಕೊನೆಯದರಲ್ಲೇ ಸಿಕ್ಕಿಬೀಳುತ್ತಾರೆ. ಹನ್ನೆರಡಕ್ಕೇ ಕಾಲು ನಡುಗುತ್ತದೆ. ಅದಕ್ಕೆ ಮುಂದೆ ಉಪಾಯವಿದೆ.

ನೋವನ್ನು ಹತ್ತಕ್ಕೆ ಎಷ್ಟು ಅಂತ ಹೇಗೆ ಲೆಕ್ಕ ಹಾಕೋದು?

ಸೊನ್ನೆ ಎಂದರೆ ಏನೂ ಇಲ್ಲ. ಒಂದು ಎರಡು ಎಂದರೆ ಗಮನಿಸಿದರೆ ಮಾತ್ರ ಗೊತ್ತಾಗುತ್ತದೆ, ಮಾತಾಡುತ್ತಾ ಓಡಿದರೆ ಮರೆತೇ ಹೋಗುತ್ತದೆ. ಮೂರು ನಾಲ್ಕು ಎಂದರೆ ಮರೆಯಲು ಆಗುವುದಿಲ್ಲ, ಆದರೆ ಕುಂಟುವುದಿಲ್ಲ. ಐದು ದಾಟಿತೆಂದರೆ ಹೆಜ್ಜೆಯೇ ಬದಲಾಗುತ್ತದೆ.

ಎರಡರವರೆಗೆ ಓಡಬಹುದು. ಮೂರಕ್ಕೆ ಬಂದರೆ ಅವತ್ತಿನ ಓಟ ಅಲ್ಲಿಗೇ ನಿಲ್ಲಿಸಿ, ನಡೆದುಕೊಂಡು ಮನೆಗೆ. ಓಡುವಾಗಿನ ನೋವಿಗಿಂತ ನಾನು ಜಾಸ್ತಿ ನಂಬುವುದು ಮರುದಿನ ಬೆಳಗಿನ ನೋವನ್ನು. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವ ಮೊದಲ ಹತ್ತು ಹೆಜ್ಜೆಯಲ್ಲಿ ಎಷ್ಟಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಿನಕ್ಕೆ ಒಂದು ಅಂಕಿ, ಅಷ್ಟೇ.

ವಾರವಾರದ ಪಟ್ಟಿ ಕೊಡಿ ಸರ್.

ಓಟ ವಾರಕ್ಕೆ ಮೂರೇ ದಿನ: ಸೋಮ, ಬುಧ, ಶುಕ್ರ. ನಡುವೆ ಒಂದು ದಿನ ಬಿಡುವುದು ಎಲುಬಿಗೆ. ಪ್ರತಿಸಲ ಮೊದಲು ಹತ್ತು ನಿಮಿಷ ಬಿರುಸು ನಡಿಗೆ ಕಡ್ಡಾಯ. ವೇಗ ಎಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರುವಷ್ಟು. ಈ ವೇಗದಲ್ಲಿ ಓಡಲು ನಾಚಿಕೆ ಅನಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅನಿಸಲಿ.

ಮೊದಲ ವಾರ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸಲ. ಒಟ್ಟು ಓಟ 8 ನಿಮಿಷ.

ಎರಡನೇ ವಾರ: ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ. ಒಟ್ಟು 12 ನಿಮಿಷ.

ಮೂರನೇ ವಾರ: ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ, ಐದು ಸಲ. ಒಟ್ಟು 15 ನಿಮಿಷ.

ನಾಲ್ಕನೇ ವಾರ: ಮೂರನೇ ವಾರದ್ದೇ ಮತ್ತೆ, ಒಂದು ನಿಮಿಷವೂ ಜಾಸ್ತಿಯಿಲ್ಲ. ಎಲುಬು ಬಡವಾಗಿರುವ ಹೊತ್ತು ಎಂದು ಹೇಳಿದೆನಲ್ಲ, ಅದು ಇದೇ. ಹುಡುಗರು ತುಂಬಾ ಆರಾಮಾಗಿದೆ ಸರ್ ಎಂದು ಜಿಗಿದುಬಿಡುವುದೂ ಇದೇ ವಾರ.

ಐದನೇ ವಾರ: ಐದು ನಿಮಿಷ ಓಟ, ಎರಡು ನಿಮಿಷ ನಡಿಗೆ, ನಾಲ್ಕು ಸಲ.

ಆರನೇ ವಾರ: ಎಂಟು ನಿಮಿಷ ಓಟ, ಎರಡು ನಿಮಿಷ ನಡಿಗೆ, ಮೂರು ಸಲ.

ಏಳನೇ ವಾರ: ಹನ್ನೆರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಮತ್ತೆ ಹನ್ನೆರಡು ನಿಮಿಷ.

ಎಂಟನೇ ವಾರ: ನಿಲ್ಲದೆ 25 ನಿಮಿಷ. ಬುಧವಾರ ಮಾತ್ರ ಓಟ ಮುಗಿದ ಮೇಲೆ 100 ಮೀಟರ್ ನಾಲ್ಕು ಸಲ, ಒಂದೊಂದಕ್ಕೆ 28ರಿಂದ 30 ಸೆಕೆಂಡ್. ವಾಪಸ್ ಬರುವಾಗ ನಡಿಗೆ.

ಎಂಟನೇ ವಾರದ ಆ ನಾಲ್ಕು 100 ಮೀಟರ್ ಬಿಟ್ಟರೆ ಇಲ್ಲಿಯವರೆಗೆ ಓಡುವ ಹೊತ್ತನ್ನು ಮಾತ್ರ ಬೆಳೆಸಿದೆವು, ವೇಗವನ್ನು ಮುಟ್ಟಲೇ ಇಲ್ಲ. ವೇಗ ಏರಿದ ಹಾಗೆ ಪ್ರತಿ ಹೆಜ್ಜೆಯಲ್ಲೂ ಈ ಎಲುಬಿನ ಮೇಲೆ ಬೀಳುವ ಭಾರ ಏರುತ್ತದೆ. ಎರಡನ್ನೂ ಒಂದೇ ವಾರದಲ್ಲಿ ಏರಿಸಿದರೆ ಯಾವುದರಿಂದ ನೋವು ಬಂತು ಅಂತ ಆಮೇಲೆ ಹೇಳಲೂ ಬರುವುದಿಲ್ಲ.

ಇನ್ನು ಲೆಕ್ಕ ನೋಡಿ. 6 ನಿಮಿಷ 30 ಸೆಕೆಂಡ್ ಎಂದರೆ 390 ಸೆಕೆಂಡ್. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ರೌಂಡ್, ಒಂದೊಂದಕ್ಕೆ 97 ಸೆಕೆಂಡ್ ಚಿಲ್ಲರೆ. 200 ಮೀಟರಿಗೆ ಸುಮಾರು 49. ಗುರಿಯ ವೇಗ ಇಷ್ಟೇ. ಇದಕ್ಕಿಂತ ಜೋರಾಗಿ ಪ್ರಾಕ್ಟೀಸ್ ಮಾಡುವ ಅಗತ್ಯ ಸದ್ಯಕ್ಕಿಲ್ಲ.

ಒಂಬತ್ತನೇ ವಾರ: ಸೋಮ ಮತ್ತು ಶುಕ್ರ 25 ನಿಮಿಷ ಆರಾಮದ ಓಟ. ಬುಧವಾರ ಹತ್ತು ನಿಮಿಷ ಆರಾಮಾಗಿ ಓಡಿ, 200 ಮೀಟರ್ ಆರು ಸಲ, ಒಂದೊಂದು 52ರಿಂದ 55 ಸೆಕೆಂಡ್, ನಡುವೆ 200 ಮೀಟರ್ ನಡಿಗೆ.

ಹತ್ತನೇ ವಾರ: ಸೋಮ, ಶುಕ್ರ ಹಾಗೇ. ಬುಧವಾರದ 200 ಮೀಟರ್ 49 ಸೆಕೆಂಡಿಗೆ ಬರಲಿ, ಎಂಟು ಸಲ.

ಹನ್ನೊಂದನೇ ವಾರ: ಬುಧವಾರ 400 ಮೀಟರ್ ನಾಲ್ಕು ಸಲ, ಒಂದೊಂದು 97 ಸೆಕೆಂಡಿಗೆ, ನಡುವೆ ಮೂರು ನಿಮಿಷ ನಡಿಗೆ.

ಹನ್ನೆರಡನೇ ವಾರ: ಸೋಮವಾರ 20 ನಿಮಿಷ. ಬುಧವಾರ ಹತ್ತು ನಿಮಿಷ ಓಟದ ಜೊತೆ 100 ಮೀಟರ್ ನಾಲ್ಕು ಸಲ. ಶುಕ್ರವಾರ 1600 ಮೀಟರ್ ಟ್ರಯಲ್.

ಜೋರು ಓಟ ಬುಧವಾರಕ್ಕೇ ಇಟ್ಟದ್ದಕ್ಕೆ ಕಾರಣವಿದೆ. ಗುರುವಾರ ಬೆಳಗಿನ ಅಂಕಿ ನೋಡಿಕೊಂಡು ಶುಕ್ರವಾರದ ಓಟ ಮಾಡಬೇಕೋ ಬಿಡಬೇಕೋ ಎಂದು ತೀರ್ಮಾನಿಸಬಹುದು.

ಹೆಣ್ಣು ಮಕ್ಕಳಿಗೂ ಎಂಟನೇ ವಾರದವರೆಗೆ ಇದೇ ಪಟ್ಟಿ. 2 ನಿಮಿಷಕ್ಕೆ 400 ಮೀಟರ್ ಎಂದರೆ 100 ಮೀಟರಿಗೆ 30 ಸೆಕೆಂಡ್. ಹಾಗಾಗಿ ಒಂಬತ್ತು, ಹತ್ತನೇ ವಾರದಲ್ಲಿ 200 ಮೀಟರನ್ನು 60 ಸೆಕೆಂಡಿಗೆ ನಾಲ್ಕು ಸಲ ಓಡಿದರೆ ಸಾಕು, ಹನ್ನೊಂದರಲ್ಲಿ 300 ಮೀಟರ್ 90 ಸೆಕೆಂಡಿಗೆ ಎರಡು ಸಲ, ಹನ್ನೆರಡರಲ್ಲಿ 400ರ ಟ್ರಯಲ್.

ನಡುವೆ ನೋವು ಬಂದರೆ ಮತ್ತೆ ಮೊದಲಿಂದ ಶುರು ಮಾಡಬೇಕಾ?

ಬೇಡ. ಮರುದಿನ ಬೆಳಿಗ್ಗೆ ಮೂರು ಅಥವಾ ಜಾಸ್ತಿ ಇದ್ದರೆ ಮುಂದಿನ ಓಟ ಬಿಡಿ, ನಡಿಗೆ ಅಥವಾ ಸೈಕಲ್ ಮಾತ್ರ. ಅಂಕಿ ಒಂದಕ್ಕೆ ಇಳಿದ ಮೇಲೆ ಒಂದು ವಾರ ಹಿಂದಿನ ಹಂತಕ್ಕೆ ಹೋಗಿ, ಅದನ್ನು ಪೂರ್ತಿ ಮಾಡಿ, ಆಮೇಲೆ ಮುಂದೆ. ಒಂದೇ ಹಂತದಲ್ಲಿ ಎರಡು ಸಲ ಹೀಗಾದರೆ ಪಟ್ಟಿ ಮುಚ್ಚಿಟ್ಟು ಡಾಕ್ಟರಿಗೆ ತೋರಿಸಿ.

ಒಬ್ಬ ಹುಡುಗನ ಉದಾಹರಣೆ ಹೇಳುತ್ತೇನೆ. ಸಿರುಗುಪ್ಪ ಕಡೆಯವನು, ವಯಸ್ಸು 22. ಭತ್ತದ ಗದ್ದೆಯ ಕೆಲಸ ಮಾಡಿ ಮೈಯೇನೋ ಗಟ್ಟಿ, ಆದರೆ ಕಾಲೇಜು ಬಿಟ್ಟ ಮೇಲೆ ಓಡಿದವನಲ್ಲ. ನೇಮಕಾತಿ ಸುದ್ದಿ ಕೇಳಿ ದಿನಾ 5 ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ ಓಡಿದ, ಭಾನುವಾರ ಭಾನುವಾರ 1600ರ ಟ್ರಯಲ್ ಬೇರೆ. ಮೂರನೇ ವಾರ ಎಡಗಾಲು ಹಿಡಿಯಿತು. ನೋವಿನ ಮಾತ್ರೆ ನುಂಗಿ ಇನ್ನೊಂದು ವಾರ ಓಡಿದ. ಗ್ರೌಂಡಿಗೆ ಬಂದಾಗ ಎಲುಬಿನ ಒಳ ಅಂಚಿನಲ್ಲಿ ಒಂದು ಗೇಣಿಗೆ ಸ್ವಲ್ಪ ಕಡಿಮೆ ಉದ್ದಕ್ಕೆ ನೋವಿತ್ತು, ನಾಲ್ಕನೇ ಕುಪ್ಪಳಿಕೆಗೇ ಮುಖ ಹಿಂಡಿದ. ಡಾಕ್ಟರಿಗೆ ತೋರಿಸಿ ಬಂದ, ಬಿರುಕಿಲ್ಲ ಎಂದರು.

ಮೂರು ವಾರ ಸೈಕಲ್, ನಡಿಗೆ, ಹಿಮ್ಮಡಿ ಎತ್ತುವ ವ್ಯಾಯಾಮ. ಆಮೇಲೆ ಪಟ್ಟಿ ಶುರುವಾಯಿತು. ಮೊದಲ ಎರಡು ವಾರ ಬೆಳಗಿನ ಅಂಕಿ ಸೊನ್ನೆ, ಒಂದು, ಸೊನ್ನೆ. ಮೂರನೇ ವಾರದ ಶುಕ್ರವಾರ ಗೆಳೆಯರ ಗುಂಪು ಪಕ್ಕದಲ್ಲೇ ಓಡಿ ಹೋಯಿತು, ಇವನೂ ಹಿಂದೆ ಬಿದ್ದು ಎಂಟು ನಿಮಿಷ ನಿಲ್ಲದೆ ಓಡಿದ. ಓಡುವಾಗ ನೋವೇ ಇರಲಿಲ್ಲ ಅಂದ. ಶನಿವಾರ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ನಾಲ್ಕು. ಸೋಮವಾರದ ಓಟ ಬಿಟ್ಟ. ಬುಧವಾರಕ್ಕೆ ಅಂಕಿ ಒಂದಾಗಿತ್ತು. ಅವತ್ತಿನಿಂದ ಎರಡನೇ ವಾರದ ಹಂತವನ್ನು ಮೂರು ಸಲ ಮಾಡಿ, ಮತ್ತೆ ಮೂರನೇ ವಾರಕ್ಕೆ ಬಂದ. ಆ ಎಂಟು ನಿಮಿಷದಿಂದ ಪಟ್ಟಿ ಎರಡು ವಾರ ಚಿಲ್ಲರೆ ಉದ್ದವಾಯಿತು ಅಷ್ಟೇ, ಮತ್ತೆ ಮೊದಲಿಂದ ಹೋಗಲಿಲ್ಲ. ಹತ್ತನೇ ವಾರದ ಗುರುವಾರ ಒಮ್ಮೆ ಎರಡು ಬಂತು, ಶುಕ್ರವಾರಕ್ಕೆ ಇಳಿಯಿತು, ಓಟ ಬಿಡಬೇಕಾಗಲಿಲ್ಲ. ಟ್ರಯಲ್‌ನಲ್ಲಿ 6 ನಿಮಿಷ 21 ಸೆಕೆಂಡ್.

ಯಾವ ವ್ಯಾಯಾಮ ಮಾಡಬೇಕು?

ಎರಡೇ ಸಾಕು, ಆದರೆ ಬಿಡದೆ ಮಾಡಬೇಕು. ಮೊದಲನೆಯದು ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು, ಮೊಣಕಾಲು ನೇರ ಇಟ್ಟುಕೊಂಡು ಹಿಮ್ಮಡಿ ಎತ್ತಿ ಇಳಿಸುವುದು. ಏರಲು ಎರಡು ಎಣಿಕೆ, ಇಳಿಯಲು ಮೂರು ಎಣಿಕೆ. ಎರಡೂ ಕಾಲಿನಲ್ಲಿ 15ರಂತೆ ಮೂರು ಸಲ ಶುರು ಮಾಡಿ, ಸಲೀಸಾದ ಮೇಲೆ ಒಂದೇ ಕಾಲಿಗೆ ಬನ್ನಿ.

ಎರಡನೆಯದು ಅದೇ, ಆದರೆ ಮೊಣಕಾಲು ಸ್ವಲ್ಪ ಬಗ್ಗಿಸಿ. ಇದನ್ನು ಯಾರೂ ಮಾಡುವುದಿಲ್ಲ, ನನ್ನ ಪ್ರಕಾರ ಇದೇ ಮುಖ್ಯ. ಮೊಣಕಾಲು ಬಗ್ಗಿದಾಗ ಮೀನಖಂಡದ ಒಳಪದರದ ಸ್ನಾಯು ಜಾಸ್ತಿ ಕೆಲಸ ಮಾಡುತ್ತದೆ, ಓಡುವಾಗ ಮೈಭಾರವನ್ನು ಬಹುಪಾಲು ಹೊರುವುದು ಅದೇ ಸ್ನಾಯು. ಅದು ಬೇಗ ಸುಸ್ತಾದರೆ ಎಲುಬು ಜಾಸ್ತಿ ಬಾಗುತ್ತದೆ. ಬೆನ್ನಿಗೆ ಐದು ಹತ್ತು ಕೆಜಿ ಅಕ್ಕಿ ತುಂಬಿದ ಬ್ಯಾಗ್ ಹಾಕಿಕೊಂಡು ಮಾಡಿದರೆ ಜಿಮ್ ಬೇಕಿಲ್ಲ.

ಓಟವಿರುವ ದಿನ ಸಂಜೆಯೇ ಇವನ್ನು ಮುಗಿಸಿ. ಬಿಡುವಿನ ದಿನ ಕಾಲಿಗೆ ನಿಜವಾಗಿ ಬಿಡುವು ಸಿಗಲಿ.

ಓಡುವ ಶೈಲಿ ಬದಲಿಸಬೇಕಾ?

ಒಂದೇ ಒಂದು ಬದಲಾವಣೆ ಹೇಳುತ್ತೇನೆ. ಆರಾಮಾಗಿ ಓಡುವಾಗ ಅರ್ಧ ನಿಮಿಷ ಬಲಗಾಲು ಎಷ್ಟು ಸಲ ನೆಲಕ್ಕೆ ಬಿತ್ತು ಎಣಿಸಿ. 40 ಬಂದರೆ ಅದೇ ವೇಗದಲ್ಲೇ 42 ಬರುವ ಹಾಗೆ ಹೆಜ್ಜೆ ಚಿಕ್ಕದು ಮಾಡಿ. ಪಾದ ಮೈಯಿಂದ ಬಹಳ ಮುಂದೆ ಬೀಳುವುದು ತಪ್ಪುತ್ತದೆ, ಪ್ರತಿ ಹೆಜ್ಜೆಯ ಪೆಟ್ಟೂ ಕಡಿಮೆಯಾಗುತ್ತದೆ. ಹಾಗೆಯೇ ಗೆರೆಯ ಮೇಲೆ ನಡೆದ ಹಾಗೆ ಒಂದು ಪಾದದ ಮುಂದೆ ಇನ್ನೊಂದು ಇಟ್ಟು ಓಡುವವರು ಪಾದಗಳ ನಡುವೆ ಸ್ವಲ್ಪ ಅಗಲ ಬಿಡಿ. ಮುಂಪಾದದಲ್ಲಿ ಇಳಿಯಬೇಕು, ಹಿಮ್ಮಡಿ ತಾಗಿಸಬಾರದು ಎಂದು ಗ್ರೌಂಡಿನಲ್ಲಿ ಹೇಳುವವರಿದ್ದಾರೆ. ಈಗ ಅದಕ್ಕೆ ಕೈಹಾಕಬೇಡಿ. ಮೀನಖಂಡದ ಮೇಲೆ ಒಮ್ಮೆಲೇ ಭಾರ ಬೀಳುತ್ತದೆ.

ಎಲ್ಲಿ ಓಡೋದು ಒಳ್ಳೇದು? ಗ್ರೌಂಡಾ, ರೋಡಾ, ಕಾಲುವೆ ದಂಡೆಯಾ?

ಸಮತಟ್ಟಾದ ಮಣ್ಣಿನ ಗ್ರೌಂಡ್ ಎಲ್ಲಕ್ಕಿಂತ ವಾಸಿ. ಒಂದೇ ದಿಕ್ಕಿಗೆ ಸುತ್ತಬೇಡಿ. ಸೋಮವಾರ ಎಡಕ್ಕೆ ತಿರುಗಿದರೆ ಬುಧವಾರ ಬಲಕ್ಕೆ, ಇಲ್ಲವಾದರೆ ತಿರುವಿನ ಭಾರ ಯಾವಾಗಲೂ ಅದೇ ಕಾಲಿನ ಮೇಲೆ.

ಎರೆ ಹೊಲದ ದಾರಿ ನೋಡಲು ಮೆತ್ತಗೆ, ಆದರೆ ಬೇಸಿಗೆಯಲ್ಲಿ ಒಣಗಿ ಸಿಮೆಂಟಿನಷ್ಟು ಗಟ್ಟಿಯಾಗುತ್ತದೆ, ಬಿರುಕಿನಲ್ಲಿ ಪಾದ ಸಿಕ್ಕರೆ ಗಂಟು ಉಳುಕುತ್ತದೆ. ಮಳೆಗಾಲದಲ್ಲಿ ಶೂಗೆ ಅಂಟಿ ಒಂದೊಂದು ಕಾಲೂ ಒಂದೊಂದು ಕೆಜಿ. ಕಾಲುವೆ ದಂಡೆ ಸಮ ಇದ್ದ ಕಡೆ ಪರವಾಗಿಲ್ಲ, ಓರೆಯಾಗಿದ್ದರೆ ಬೇಡ. ಡಾಂಬರು ರಸ್ತೆ ಅಂಚಿಗೆ ಇಳಿಜಾರಿರುತ್ತದೆ, ಹೊಸಪೇಟೆ ರಸ್ತೆಯಲ್ಲಿ ನಸುಕಿನಲ್ಲಿ ಲಾರಿಗಳ ಭಯ ಬೇರೆ. ಬಳ್ಳಾರಿ ಗುಡ್ಡದ ಮೆಟ್ಟಿಲು ಹತ್ತುವುದು ಅಷ್ಟು ತೊಂದರೆಯಲ್ಲ, ಓಡಿಕೊಂಡು ಇಳಿಯುವುದೇ ಕಾಲು ಮುರಿಯುವ ಕೆಲಸ. ಹನ್ನೆರಡು ವಾರ ಅದನ್ನು ಮರೆತುಬಿಡಿ.

ಎಲ್ಲೇ ಓಡಿ, ನೆಲ ಬದಲಿಸಿದ ವಾರ ನಿಮಿಷ ಏರಿಸಬೇಡಿ.

ಶೂ ಬದಲಿಸಿದರೆ ಸರಿಹೋಗುತ್ತಾ?

ಶೂ ಒಂದರಿಂದಲೇ ವಾಸಿಯಾಗುವ ನೋವಲ್ಲ ಇದು. ಹಳೇ ಶೂವನ್ನು ಟೇಬಲ್ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿ ಒಂದು ಕಡೆಗೆ ವಾಲಿದ್ದರೆ ಅಥವಾ ಅಟ್ಟೆ ಸವೆದು ನುಣುಪಾಗಿದ್ದರೆ ಬದಲಿಸಿ. ದುಬಾರಿಯದೇ ಬೇಕಿಲ್ಲ, ಹಾಕಿಕೊಂಡ ಕೂಡಲೇ ಆರಾಮ ಅನಿಸಬೇಕು. ಟೆಸ್ಟಿನಲ್ಲಿ ಬರಿಗಾಲಲ್ಲಿ ಓಡುವ ಯೋಚನೆ ಇದ್ದರೆ ಒಂಬತ್ತನೇ ವಾರದಿಂದ ಬುಧವಾರ ಎರಡೇ ಎರಡು 100 ಮೀಟರ್ ಬರಿಗಾಲಲ್ಲಿ ಓಡಿ, ವಾರಕ್ಕೆ ಒಂದೆರಡು ಜಾಸ್ತಿ ಮಾಡುತ್ತಾ ಹೋಗಿ. ಟೆಸ್ಟಿನ ದಿನ ಮೊದಲ ಸಲ ಶೂ ಬಿಚ್ಚಬೇಡಿ.

ನೋವಿನ ಮಾತ್ರೆ, ಸ್ಪ್ರೇ, ಎಣ್ಣೆ, ಪಟ್ಟು?

ಮಾತ್ರೆ ತಗೊಂಡು ಓಡಬೇಡಿ. ಈ ಪಟ್ಟಿ ನಡೆಯುವುದೇ ನೋವಿನ ಅಂಕಿಯ ಮೇಲೆ. ಮಾತ್ರೆ ನುಂಗಿದರೆ ಅಂಕಿಯೇ ಸುಳ್ಳಾಗುತ್ತದೆ. ಸ್ಪ್ರೇಗೂ ಅದೇ ಮಾತು. ಓಟ ಮುಗಿದ ಮೇಲೆ ಬಟ್ಟೆಯಲ್ಲಿ ಐಸ್ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟರೆ ಹಿತ ಅನಿಸುತ್ತದೆ, ಇಡಿ, ಆದರೆ ಅದರಿಂದ ಎಲುಬು ಬೇಗ ಕೂಡುವುದಿಲ್ಲ. ಎಣ್ಣೆ ಹಚ್ಚಿ ಮೀನಖಂಡ ತಿಕ್ಕಿಸಿಕೊಳ್ಳಬಹುದು, ಎಲುಬಿನ ಮೇಲೆ ಒತ್ತಿ ತಿಕ್ಕಬಾರದು. ನಾಟಿ ವೈದ್ಯರ ಹತ್ತಿರ ಪಟ್ಟು ಹಾಕಿಸಿಕೊಂಡು ಬರುವವರಿಗೆ ಒಂದೇ ಮಾತು: ಒಳಗೆ ಬಿರುಕಿದ್ದರೆ ಪಟ್ಟಿನಡಿ ಅದು ಗೊತ್ತಾಗದೆ ವಾರಗಟ್ಟಲೆ ಕಳೆದುಹೋಗುತ್ತದೆ.

ಊಟದ್ದೇನಾದರೂ ಇದೆಯಾ?

ತೂಕ ಇಳಿಸಬೇಕೆಂದು ಊಟ ಬಿಟ್ಟು ಓಡುವವರಿಗೆ ಎಲುಬಿನ ನೋವು ಬೇಗ ಬರುತ್ತದೆ. ಜೋಳದ ರೊಟ್ಟಿ, ಬೇಳೆ ಅಥವಾ ಮೊಟ್ಟೆ, ಹಾಲು ಮೊಸರು, ಎಳ್ಳಿನ ಚಟ್ನಿ, ಇಷ್ಟು ಹೊಟ್ಟೆ ತುಂಬಾ ಇರಲಿ. ರೂಮಿನಲ್ಲಿ ಬರೀ ಮಂಡಕ್ಕಿ ಒಗ್ಗರಣೆ ತಿಂದು ಹನ್ನೆರಡು ವಾರ ತಳ್ಳಲು ಆಗುವುದಿಲ್ಲ.

ಹೆಣ್ಣು ಮಕ್ಕಳಿಗೆ ಇದು ಇನ್ನೂ ಮುಖ್ಯ. ಪ್ರಾಕ್ಟೀಸ್ ಶುರುವಾದ ಮೇಲೆ ಮೂರು ತಿಂಗಳು ಮುಟ್ಟು ನಿಂತಿದ್ದರೆ ಅದನ್ನು ಓಟದ ಸುಸ್ತು ಎಂದು ಬಿಡಬೇಡಿ. ಮೈಗೆ ಸಾಲುವಷ್ಟು ಊಟ ಸಿಗುತ್ತಿಲ್ಲ ಎಂಬುದರ ಲಕ್ಷಣ ಅದಾಗಿರಬಹುದು. ಎಲುಬು ಬಿರುಕು ಬಿಡುವ ಸಾಧ್ಯತೆಯೂ ಜಾಸ್ತಿಯಾಗುತ್ತದೆ. ಡಾಕ್ಟರಿಗೆ ಹೇಳಿ.

ಲಾಂಗ್ ಜಂಪ್, ಹೈ ಜಂಪ್ ಪ್ರಾಕ್ಟೀಸ್ ಯಾವಾಗ?

ಒಂಬತ್ತನೇ ವಾರಕ್ಕಿಂತ ಮೊದಲು ಬೇಡ. ಆಮೇಲೂ ಬುಧವಾರದ ಜೋರು ಓಟದ ದಿನವೇ, ಓಟಕ್ಕೆ ಮೊದಲು, ಆರೇಳು ಜಿಗಿತ. ಮರಳು ಚೆನ್ನಾಗಿ ಅಗೆದು ಸಡಿಲ ಮಾಡಿದ ಪಿಟ್‌ನಲ್ಲಿ ಮಾತ್ರ. ಶಾಟ್‌ಪುಟ್‌ಗೆ ಅಡ್ಡಿಯಿಲ್ಲ, ಮೊದಲ ವಾರದಿಂದಲೇ ಮಾಡಿ.

ಟೆಸ್ಟಿಗೆ ಇನ್ನು ಐದೇ ವಾರ ಇದೆ ಸರ್. ಏನು ಮಾಡಲಿ?

ಹನ್ನೆರಡು ವಾರವನ್ನು ಐದಕ್ಕೆ ಕುಗ್ಗಿಸಲು ಬರುವುದಿಲ್ಲ. ಆದರೆ ದಾರಿಯೇ ಇಲ್ಲ ಅಂತಲ್ಲ. ರೆಸ್ಟ್ ಬಗ್ಗೆ ಹೇಳುವಾಗ ಕೊಟ್ಟ ಆ ನಾಲ್ಕು ಪರೀಕ್ಷೆ ಪಾಸಾಗಿದ್ದರೆ ಪಟ್ಟಿಯ ಮೊದಲ ಮೂರು ವಾರ ಹಾಗೇ ಮಾಡಿ, ಬಿಡುವಿನ ಎರಡು ದಿನ ಸೈಕಲ್ ಮೇಲೆ ಜೋರಾದ ಒಂದು ನಿಮಿಷಗಳನ್ನು ಇಟ್ಟುಕೊಳ್ಳಿ. ನಾಲ್ಕನೇ ವಾರ ಮೂರು ನಿಮಿಷದ ಓಟಗಳ ಕೊನೆಗೆ ಬುಧವಾರ ಮಾತ್ರ 100 ಮೀಟರ್ ನಾಲ್ಕು ಸಲ, 25 ಸೆಕೆಂಡಿಗೆ. ಐದನೇ ವಾರ ಬಹುಪಾಲು ಬಿಡುವು, ಟೆಸ್ಟಿಗೆ ಮೂರು ದಿನ ಮುಂಚೆ ಕೊನೆಯ ಹಗುರ ಓಟ. ಮೊದಲು ಓಡಿ ಅಭ್ಯಾಸವಿದ್ದವರು ಇದರಲ್ಲಿ ಪಾಸಾಗಬಹುದು, ಹೊಸಬರಿಗೆ ಕಷ್ಟ. 1600 ಮುಗಿದ ಮೇಲೆ ಕೆಲವು ದಿನ ನೋವು ಏರುತ್ತದೆ ಎಂದು ತಿಳಿದೇ ಇಳಿಯಿರಿ.

ಒಂದು ಚುಕ್ಕೆಯ ನೋವು, ರಾತ್ರಿ ನೋವು ಇರುವವರಿಗೆ ಈ ದಾರಿ ಇಲ್ಲ. ಬಿರುಕಿನ ಮೇಲೆ 1600 ಮೀಟರ್ ಓಡಿದರೆ ಎಲುಬು ಪೂರ್ತಿ ಮುರಿಯಬಹುದು.

ಟೆಸ್ಟ್ ಪಾಸಾದೆ. ಟ್ರೈನಿಂಗ್‌ಗೆ ಕರೆಯುವವರೆಗೆ ಓಟ ಬಿಡಬಹುದಾ?

ಬಿಡಬೇಡಿ. ಟ್ರೈನಿಂಗ್ ಸೆಂಟರ್‌ನಲ್ಲಿ ಮೊದಲ ದಿನದಿಂದಲೇ ಓಟ, ಪರೇಡ್, ಗಟ್ಟಿ ಬೂಟು, ಕಾಲು ಕುಟ್ಟುವುದು ಎಲ್ಲ ಒಟ್ಟಿಗೆ ಬರುತ್ತವೆ. ಹೊಸ ರಿಕ್ರೂಟ್‌ಗಳಲ್ಲಿ ಶಿನ್ ಪೇನ್ ಅಷ್ಟು ಕಾಣಿಸುವುದು ಇದಕ್ಕೇ. ಟೆಸ್ಟ್ ಆದ ಮೇಲೆ ಒಂದು ವಾರ ಆರಾಮ ತಗೊಳ್ಳಿ. ಆಮೇಲೆ ವಾರಕ್ಕೆ ಮೂರು ದಿನ 25 ನಿಮಿಷದ ಹಗುರ ಓಟ, ಎರಡು ದಿನ ಹಿಮ್ಮಡಿ ಎತ್ತುವ ವ್ಯಾಯಾಮ ಸಾಕು. ಕರೆ ಬರುವ ಒಂದು ತಿಂಗಳ ಮುಂಚೆ ಬೂಟು ಕೊಂಡು ದಿನಾ ಅರ್ಧ ಗಂಟೆ ಅದರಲ್ಲೇ ನಡೆಯಿರಿ. ಬೂಟಿನಲ್ಲಿ ಓಡುವುದು ಅಲ್ಲಿಗೆ ಹೋದ ಮೇಲೆಯೇ ಇರಲಿ.